ಕುಮಾರ ಪರ್ವತದ ಕಂಟೂರ್ ಗೆರೆಗಳು

14 ಡಿಸೆಂಬರ್ 2024, ಶನಿವಾರ

ಜನವರಿಯಲ್ಲಿ ಕುಮಾರ ಪರ್ವತಕ್ಕೆ ಹೋಗೋಣ ಅಂತ ಅಕ್ಕನ ಮಗ ಹಟ ಹಿಡಿದಿದ್ದಾನೆ. ಮಧ್ಯಾಹ್ನ ಊಟ ಆದಮೇಲೆ ಇಬ್ಬರೂ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹರಡಿಕೊಂಡು ಕೂತೆವು. ಅವನು ಫೋನಿನಲ್ಲಿ ಲೆಕ್ಕ ಹಾಕಿ ಮುಗಿಸಿಯೇ ಬಿಟ್ಟಿದ್ದ. ಕುಕ್ಕೆ ಸುಮಾರು 120 ಮೀಟರ್ ಎತ್ತರದಲ್ಲಿದೆ, ಶಿಖರ 1,712 ಮೀಟರ್, ದಾರಿ ಹೆಚ್ಚುಕಡಿಮೆ 13 ಕಿ.ಮೀ. "ನೂರು ಮೀಟರ್ ನಡೆದರೆ ಹನ್ನೆರಡು ಮೀಟರ್ ಏರು. ಅಷ್ಟೇ ಅಲ್ವಾ ಮಾಮ?"

ಲೆಕ್ಕ ಸರಿ. ಆದರೆ ಇಂಥ ಸರಾಸರಿಯಿಂದ ನಡೆಯುವವನಿಗೆ ಏನೂ ಉಪಯೋಗವಿಲ್ಲ. ಎಲ್ಲಿ ಮೊಣಕಾಲು ನಡುಗುತ್ತದೆ, ಎಲ್ಲಿ ಉಸಿರು ಎಳೆದುಕೊಳ್ಳಬಹುದು ಅನ್ನೋದು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಂಟೂರ್ ಗೆರೆಗಳಲ್ಲೇ ಇದೆ. ಈ ನಕ್ಷೆಯಲ್ಲಿ ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಎತ್ತರ. ಪ್ರತಿ ಐದನೆಯ ಗೆರೆ ದಪ್ಪ. ಅಂದರೆ ಒಂದು ದಪ್ಪ ಗೆರೆಯಿಂದ ಇನ್ನೊಂದಕ್ಕೆ 100 ಮೀಟರ್. ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 500 ಮೀಟರ್.

ಅವನ ಕೈಗೆ ಸ್ಕೇಲ್ ಕೊಟ್ಟೆ. ದಾರಿಯ ಉದ್ದಕ್ಕೂ ಎರಡು ದಪ್ಪ ಗೆರೆಗಳ ನಡುವೆ 1 ಸೆಂ.ಮೀ. ಸಿಕ್ಕರೆ 500 ಮೀಟರ್ ನಡಿಗೆಗೆ 100 ಮೀಟರ್ ಏರು, ಸುಮಾರು 11 ಡಿಗ್ರಿ. ಮಾತಾಡುತ್ತಾ ಹತ್ತಬಹುದು. ಅದೇ ಅಂತರ 5 ಮಿ.ಮೀ.ಗೆ ಇಳಿದರೆ 22 ಡಿಗ್ರಿ, ಮಾತು ನಿಲ್ಲುತ್ತದೆ. ಎರಡೂವರೆ ಮಿ.ಮೀ. ಆದರೆ 39 ಡಿಗ್ರಿ ಹತ್ತಿರ. ಅಲ್ಲಿ ಕೈಯೂ ಊರಬೇಕಾಗುತ್ತದೆ. ಅಂತರ ಅರ್ಧ ಆದಾಗ ಡಿಗ್ರಿ ದುಪ್ಪಟ್ಟಿನ ಹತ್ತಿರ ಹೋಗುತ್ತದೆ, ಆದರೆ ಕಾಲಿಗೆ ಆಗುವ ಸುಸ್ತು ಅದಕ್ಕಿಂತ ಜಾಸ್ತಿ.

ಅಂತರದಷ್ಟೇ ಮುಖ್ಯ ಅದು ಹೇಗೆ ಬದಲಾಗುತ್ತದೆ ಅನ್ನೋದು. ಮೇಲೆ ಗೆರೆಗಳು ವಿರಳವಾಗಿದ್ದು ಕೆಳಗೆ ಒತ್ತಾಗಿದ್ದರೆ ಅದು ಉಬ್ಬಿದ ಇಳಿಜಾರು. ಮೇಲೆ ನಿಂತವನಿಗೆ ಬುಡ ಕಾಣುವುದೇ ಇಲ್ಲ. ಸಲೀಸಾಗಿದೆ ಅಂತ ಇಳಿಯುತ್ತಾ ಹೋದರೆ ಕೊನೆಗೆ ಕಡಿದಾದ ಅಂಚಿಗೆ ಬಂದು ನಿಲ್ಲುತ್ತೀರಿ. ಇದಕ್ಕೆ ತದ್ವಿರುದ್ಧವಾಗಿದ್ದರೆ ತಗ್ಗಿದ ಇಳಿಜಾರು, ತಲೆಯಿಂದ ಬುಡದವರೆಗೂ ಕಣ್ಣಿಗೆ ಬೀಳುತ್ತದೆ.

ಆಮೇಲೆ ಬೆಟ್ಟದ ಬೆನ್ನಿನ ಹಾಗೆ ಎದ್ದಿರುವ ಏಣು ಯಾವುದು, ಕಣಿವೆ ಯಾವುದು ಅನ್ನೋ ಪ್ರಶ್ನೆ ಬಂತು. ಎರಡರಲ್ಲೂ ಗೆರೆ ಮೂತಿ ಚಾಚಿಕೊಂಡು ಬಾಗಿರುತ್ತದೆ. ಬರೀ ಆಕಾರ ನೋಡಿದರೆ ಗೊತ್ತಾಗುವುದಿಲ್ಲ, ಗೆರೆಯ ಮೇಲಿನ ಸಂಖ್ಯೆ ಓದಲೇಬೇಕು. ಮೂತಿ ದೊಡ್ಡ ಸಂಖ್ಯೆಯ ಕಡೆ ಚಾಚಿದ್ದರೆ ಕಣಿವೆ, ಚಿಕ್ಕ ಸಂಖ್ಯೆಯ ಕಡೆ ಚಾಚಿದ್ದರೆ ಏಣು. ಕಣಿವೆಯ ಮೂತಿಗಳನ್ನು ಪೋಣಿಸಿದ ಹಾಗೆ ಹಳ್ಳದ ಗೆರೆಯೂ ಇರುತ್ತದೆ. ಅದು ನೀಲಿ ಇದ್ದರೆ ನೀರು ಇರುವ ಹಳ್ಳ, ಕಪ್ಪಾಗಿದ್ದರೆ ಮಳೆಗಾಲ ಮುಗಿದ ಮೇಲೆ ಒಣಗುವ ಹಳ್ಳ. ಬಾಟಲಿ ತುಂಬಿಕೊಳ್ಳುವ ಯೋಚನೆ ಇದ್ದರೆ ಇದನ್ನು ಮೊದಲೇ ನೋಡಿಟ್ಟುಕೊಳ್ಳಿ. ಘಟ್ಟದ ಎತ್ತರದಲ್ಲಿ ನೆಲವೂ ಸಾಕ್ಷಿ ಹೇಳುತ್ತದೆ. ಏಣಿನ ಮೇಲೆ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು.

ದಾರಿಯಲ್ಲಿ ಮೊದಲು ಸಿಗುವ ಶೇಷ ಪರ್ವತದ ತಲೆ ದಾಟಿದ ಮೇಲೆ ಶಿಖರಕ್ಕೆ ನೇರ ಏರು ಅಂತ ಅವನು ಅಂದುಕೊಂಡಿದ್ದ. ಎರಡೂ ತಲೆಗಳ ಸುತ್ತ ಮುಚ್ಚಿದ ಸುತ್ತುಗೆರೆಗಳಿವೆ, ನಡುವೆ ಗೆರೆಗಳು ಎರಡು ಕಡೆಯಿಂದಲೂ ಒಳಕ್ಕೆ ಸೊಂಟ ಬಾಗಿಸಿವೆ. ಟ್ರೆಕ್ಕಿಂಗ್‌ನವರು ಸ್ಯಾಡಲ್ ಅನ್ನುವ ಜಾಗ ಅದು. ಅಲ್ಲಿ ಕಾಡಿನೊಳಗೆ ಇಳಿದು ಮತ್ತೆ ಹತ್ತಬೇಕು. ವಾಪಸ್ ಬರುವಾಗಲೂ ಆ ಏರು ಇದ್ದೇ ಇದೆ. ಒಟ್ಟು ಏರಿನ ಲೆಕ್ಕಕ್ಕೆ ಅದನ್ನೂ ಸೇರಿಸಿದ, ಮುಖ ಸ್ವಲ್ಪ ಚಿಕ್ಕದಾಯಿತು.

"ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿದರಾಯ್ತು, ಊರು ಸಿಗುತ್ತೆ" ಅಂದ. ಎಲ್ಲರೂ ಹೇಳುವ ಮಾತೇ. ಪಶ್ಚಿಮ ಘಟ್ಟದಲ್ಲಿ ನನಗದು ಭಯ ಹುಟ್ಟಿಸುತ್ತದೆ. ಹಳ್ಳವನ್ನು ಮೂರು ಗೆರೆಗಳು ಒಂದಕ್ಕೊಂದು ಅಂಟಿದ ಹಾಗೆ ದಾಟಿದ್ದರೆ, ಮೊದಲಿನದರಿಂದ ಮೂರನೆಯದಕ್ಕೆ 40 ಮೀಟರ್ ಇಳಿತ. ಅಲ್ಲಿ ಜಲಪಾತವೋ ಬಂಡೆಯ ಗೋಡೆಯೋ ಇರುತ್ತದೆ. ಅಂಟಿರದಿದ್ದರೂ ನಂಬುವಂತಿಲ್ಲ. 15 ಮೀಟರಿನ ಬಂಡೆಗೋಡೆ ಎರಡು ಗೆರೆಗಳ ನಡುವೆ ಪೂರ್ತಿ ಅಡಗಿ ಕೂರಬಹುದು, ನಕ್ಷೆಗೆ ಅದರ ಸುಳಿವೇ ಇರುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಹತ್ತಿ, ಗೊತ್ತಿರುವ ಏಣಿಗೆ ಸೇರಿಕೊಳ್ಳುವುದು ವಾಸಿ.

ಸಂಜೆ ಪ್ರಿಂಟ್ ತರೋಕೆ ಅವನೇ ಹೋದ. ಅಂಗಡಿಯವರು ಹಾಳೆಗೆ ಹೊಂದಿಸೋಕೆ ಅಳತೆ ಕುಗ್ಗಿಸಿಬಿಡುತ್ತಾರೆ, ಆಗ ನಮ್ಮ ಮಿ.ಮೀ. ಲೆಕ್ಕವೆಲ್ಲ ಕೆಡುತ್ತದೆ. ನಕ್ಷೆಯ ಕೆಳಗಿನ ಅಳತೆಪಟ್ಟಿಯಲ್ಲಿ 1 ಕಿ.ಮೀ. ಸರಿಯಾಗಿ 2 ಸೆಂ.ಮೀ. ಇದೆಯಾ ನೋಡಿಕೊಂಡೇ ದುಡ್ಡು ಕೊಡು ಅಂತ ಸ್ಕೇಲನ್ನೂ ಜೊತೆಗೆ ಕಳಿಸಿದ್ದೇನೆ.