1,80,000ದ ಹಿಂದೆ ಹೋದ 34,899

ಬೆಳಗ್ಗೆ ಹತ್ತೂಕಾಲಿಗೆ ಟೆಲಿಗ್ರಾಂನಲ್ಲಿ, ಕಳೆದ ದುಡ್ಡು ವಾಪಸ್ ತರಿಸಿಕೊಡುವ ಏಜೆಂಟ್ ಎಂದು ಹೇಳಿಕೊಂಡವನ ಮೆಸೇಜು ಬಂತು: ‘ಸರ್, ನಿಮ್ಮ 1,80,000 ರೂಪಾಯಿ ನಮ್ಮ ಸಿಸ್ಟಮ್‌ನಲ್ಲಿ ಹೋಲ್ಡ್ ಆಗಿದೆ. ವಾಪಸ್ ಬೇಕಾ?’ ಹಾಸನದ ಆ ಹುಡುಗ ಮೂರು ವಾರದ ಹಿಂದೆ ನಕಲಿ ಕ್ರಿಕೆಟ್ ಬೆಟ್ಟಿಂಗ್ ಸೈಟಿನಲ್ಲಿ ಕಳೆದುಕೊಂಡದ್ದು ಸರಿಯಾಗಿ ಅಷ್ಟೇ. ಮನೆಯಲ್ಲಿ ಹೇಳಿರಲಿಲ್ಲ, ಗೆಳೆಯರಿಗೂ ಗೊತ್ತಿರಲಿಲ್ಲ. ಮೊತ್ತವನ್ನು ಇಷ್ಟು ಖಚಿತವಾಗಿ ಹೇಳುವವನು ನಿಜವಾದವನೇ ಇರಬೇಕು ಅಂದುಕೊಂಡ. ಯೋಚಿಸಬೇಕಾದದ್ದು ಅದರ ತದ್ವಿರುದ್ಧ. ಆ ಅಂಕಿ ಗೊತ್ತಿದ್ದದ್ದು ಅವನಿಗೆ ಮತ್ತು ಸೈಟಿನವರಿಗೆ ಮಾತ್ರ. ಮೋಸಹೋದವರ ಹೆಸರು, ನಂಬರು, ಕಳೆದ ಮೊತ್ತದ ಪಟ್ಟಿಯನ್ನು ಇಂಥ ಗುಂಪುಗಳು ಒಂದೋ ತಾವೇ ಎರಡನೇ ಸಲ ಬಳಸುತ್ತವೆ, ಇಲ್ಲವೇ ಬೇರೆಯವರಿಗೆ ಮಾರುತ್ತವೆ. ಒಮ್ಮೆ ಕೊಟ್ಟವನು ಇನ್ನೊಮ್ಮೆ ಕೊಡುತ್ತಾನೆ ಎಂಬುದು ಅವರ ಲೆಕ್ಕ.

ಮೊದಲು ಫೈಲ್ ಚಾರ್ಜ್ 2,499 ರೂಪಾಯಿ, ಜೊತೆಗೆ ಆಧಾರ್, ಪ್ಯಾನ್ ಮತ್ತು ಪಾಸ್‌ಬುಕ್ಕಿನ ಫೋಟೊ. ಹುಡುಗ ಎರಡನ್ನೂ ಕಳಿಸಿದ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವನ ಖಾತೆಗೆ 2,000 ರೂಪಾಯಿ ಬಂದೇ ಬಿಟ್ಟಿತು. ‘ಟೆಸ್ಟ್ ರಿಫಂಡ್, ನೋಡಿಕೊಳ್ಳಿ.’ ಇಡೀ ಆಟದಲ್ಲಿ ಅತ್ಯಂತ ಚತುರವಾದ ಹೆಜ್ಜೆ ಇದು. ಅದನ್ನು ಹಾಕಿದ ಖಾತೆಯೂ ಬೇರೆಯವರಿಂದ ಕದ್ದ ದುಡ್ಡು ಹಾದುಹೋಗುವ ಖಾತೆಯೇ. ಆ ದುಡ್ಡು ಕಳೆದುಕೊಂಡವನು ದೂರು ಕೊಟ್ಟಾಗ ದುಡ್ಡಿನ ಜಾಡು ಹಿಡಿದು ಬರುವ ಪೊಲೀಸ್ ಸೂಚನೆ ಈ ಹುಡುಗನ ಬ್ಯಾಂಕಿಗೂ ತಲುಪುತ್ತದೆ. ಎರಡು ದಿನ ಕಳೆದ ಮೇಲೆ ಆದದ್ದೂ ಅದೇ: 2,000 ರೂಪಾಯಿಗೆ ಲೀನ್ ಬಿತ್ತು, ಅಂದರೆ ಅಷ್ಟು ದುಡ್ಡನ್ನು ಬ್ಯಾಂಕ್ ತಡೆಹಿಡಿಯಿತು. ಕೆಲವು ಬ್ಯಾಂಕುಗಳು ಆ ಮೊತ್ತವನ್ನಷ್ಟೇ ತಡೆಹಿಡಿಯದೆ ಇಡೀ ಖಾತೆಯನ್ನೇ ನಿಲ್ಲಿಸುತ್ತವೆ. ಸಂಬಳ ಬರುವ ಖಾತೆಯಾದರೆ ಕಥೆ ಮುಗಿದಂತೆ.

ಒಂದು ಗಂಟೆಗೆ ಜಿಎಸ್‌ಟಿ ಬಂತು. 1,80,000ಕ್ಕೆ ಶೇಕಡಾ 18, ಅಂದರೆ 32,400. ಜಿಎಸ್‌ಟಿ ಬೀಳುವುದು ಸರಕಿನ ಬೆಲೆ ಅಥವಾ ಸೇವೆಯ ಶುಲ್ಕದ ಮೇಲೆ. ನಮ್ಮದೇ ದುಡ್ಡು ನಮಗೆ ವಾಪಸ್ ಬಂದರೆ ಅದಕ್ಕೆ ಎಂಥ ಜಿಎಸ್‌ಟಿ? ಹುಡುಗನೂ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದ: ‘ಅದರಲ್ಲೇ ಹಿಡ್ಕೊಂಡು ಉಳಿದದ್ದು ಹಾಕಿ ಸರ್.’ ಉತ್ತರ: ‘ಆರ್‌ಬಿಐ ರೂಲ್ಸ್ ಬಿಡಲ್ಲ.’ ಅಂಥ ರೂಲ್ಸು ಇಲ್ಲ. ಹಿಡಿದುಕೊಳ್ಳಲು ಅವನ ಕೈಯಲ್ಲಿ ದುಡ್ಡೇ ಇಲ್ಲ, ಅಷ್ಟೇ. ಬೆಟ್ಟಿಂಗ್ ಸೈಟಿಗೆ ಯುಪಿಐಯಲ್ಲಿ ಹೋದ ಹಣ ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಗೆ ಬಿದ್ದು, ಅಲ್ಲಿಂದ ಐದಾರು ಖಾತೆಗೆ ಹಂಚಿಹೋಗಿ, ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೊ ಆಗುತ್ತದೆ. ಮೂರು ವಾರವಾದ ಮೇಲೆ ಹೋಲ್ಡ್ ಆಗಿರುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಯುವುದು ಬ್ಯಾಂಕ್. ಹಾಗೆ ಮಾಡಿಸುವ ಅಧಿಕಾರ ಇರುವುದು ಪೊಲೀಸರಿಗೆ ಮತ್ತು ಕೋರ್ಟಿಗೆ. ಖಾಸಗಿ ಏಜೆಂಟನಿಗೆ ಆ ಕೀಲಿ ಯಾರೂ ಕೊಟ್ಟಿಲ್ಲ.

ಹುಡುಗ 32,400 ಕಟ್ಟಿದ, ಯಾವುದೋ ಹೆಸರಿನ ಉಳಿತಾಯ ಖಾತೆಗೆ. ಜಿಎಸ್‌ಟಿ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ ಯಾಕೆ ಹೋಗುತ್ತದೆ ಎಂದು ಹೊಳೆದದ್ದು ಮೂರು ಗಂಟೆಗೆ, ‘ಕ್ಲಿಯರೆನ್ಸ್‌ಗೆ ಇನ್ನು 18,000, AnyDesk ಹಾಕಿಕೊಳ್ಳಿ’ ಎಂದಾಗ. ಅದನ್ನು ಹಾಕಿಕೊಂಡಿದ್ದರೆ ಅವನ ಮೊಬೈಲ್ ಪರದೆ, ಒಟಿಪಿ ಸಮೇತ, ಆ ಕಡೆಯವರಿಗೆ ಕಾಣುತ್ತಿತ್ತು.

ಪೊಲೀಸರ ಹತ್ತಿರ ಹೋಗುತ್ತೇನೆ ಎಂದದ್ದಕ್ಕೆ ಏಜೆಂಟ್ ಹೇಳಿದ ಮಾತು ಇವರೆಲ್ಲರ ಕೊನೆಯ ಅಸ್ತ್ರ: ‘ಬೆಟ್ಟಿಂಗ್ ಆಡಿದ್ದೀರಿ, ನಿಮ್ಮನ್ನೇ ಒಳಗೆ ಹಾಕ್ತಾರೆ.’ ಆನ್‌ಲೈನ್ ಹಣದ ಆಟಗಳ ಬಗ್ಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸಿಕೊಡುವವರಿಗೆ. ಆಡಿ ಕಳೆದುಕೊಂಡವನಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ನಾಚಿಕೆಗೆ ಹೆದರಿ ಸುಮ್ಮನಿದ್ದ ಮೂರು ವಾರವೇ ಅವನಿಗೆ ದುಬಾರಿಯಾದದ್ದು.

ಮೂರೂವರೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ. ಅವರು ಕೇಳುವುದು ಕೆಲವೇ ವಿವರ: ಯಾವ ಖಾತೆಯಿಂದ ಹೋಯಿತು, ಎಷ್ಟು, ಯಾವ ಹೊತ್ತಿಗೆ, ಮತ್ತು ಆ ಪಾವತಿಯ ಗುರುತಿನ ಸಂಖ್ಯೆಯಾದ ಯುಟಿಆರ್. ಈ ಹನ್ನೆರಡು ಅಂಕಿಯ ನಂಬರು ಯುಪಿಐ ಆ್ಯಪಿನ ಪಾವತಿ ವಿವರದಲ್ಲೇ ಸಿಗುತ್ತದೆ. ಗಾಬರಿಯಲ್ಲಿ ಆ್ಯಪಿನದೇ ಟ್ರಾನ್ಸಾಕ್ಷನ್ ಐಡಿ ಓದಿ ಹೇಳುವವರು ಬಹಳ. ಆಮೇಲೆ cybercrime.gov.in ನಲ್ಲಿ ಚಾಟ್‌ನ ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ ದೂರು ಪೂರ್ತಿ ಮಾಡಿದ. ಹಳೆಯ 1,80,000, ಹೊಸ 34,899 ಎರಡನ್ನೂ ಅದರಲ್ಲೇ ಬರೆದ. ಏಜೆಂಟನನ್ನು ಬ್ಲಾಕ್ ಮಾಡಿದ, ಆದರೆ ಚಾಟ್ ಅಳಿಸಲಿಲ್ಲ. ಟೆಲಿಗ್ರಾಂನಲ್ಲಿ ಆ ಕಡೆಯವರೂ ಚಾಟ್ ಅಳಿಸಿಬಿಡಬಹುದು, ಆದ್ದರಿಂದ ಸ್ಕ್ರೀನ್‌ಶಾಟ್ ಮೊದಲು, ಬ್ಲಾಕ್ ಆಮೇಲೆ.

32,400ರಲ್ಲಿ 11,000 ಮಾತ್ರ ಅದು ಹಂಚಿಹೋದ ಎರಡನೇ ಖಾತೆಯಲ್ಲಿ ಸಿಕ್ಕಿ ನಿಂತಿತು. ಹಳೆಯದರಲ್ಲಿ ಒಂದು ರೂಪಾಯಿಯೂ ಸಿಗಲಿಲ್ಲ. ನಿಂತ ದುಡ್ಡು ಕೂಡ ತಾನಾಗಿ ಖಾತೆಗೆ ಬರಲಿಲ್ಲ. ಠಾಣೆಯಿಂದ ವರದಿ ಪಡೆದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಆದೇಶವನ್ನು ಬ್ಯಾಂಕಿಗೆ ಮುಟ್ಟಿಸಬೇಕಾಯಿತು. ಅದಕ್ಕಾಗಿ ಓಡಾಡುತ್ತಿದ್ದಾಗಲೇ ಇನ್ನೊಂದು ನಂಬರಿನಿಂದ ಮೆಸೇಜು: ‘ಆ ಏಜೆಂಟ್ ಫ್ರಾಡ್ ಸರ್. ನಿಮ್ಮ 34,899 ನಾವು ತರಿಸಿಕೊಡ್ತೀವಿ.’ ಹುಡುಗ ಅದರದೂ ಸ್ಕ್ರೀನ್‌ಶಾಟ್ ತೆಗೆದು ದೂರಿನ ಕಡತಕ್ಕೆ ಸೇರಿಸಿದ.