ಟೈಟಲ್ ಏನ್ ಇಡ್ಲಿ ಅಣ್ಣಾ?

"ಅಣ್ಣಾ, ವಿಡಿಯೋ ರೆಡಿ ಅದ. ಟೈಟಲ್‌ದಾಗ ಊರ ಹೆಸರು ಹಾಕ್ಲ್ಯಾ, ಇಲ್ಲಾ ಕಥಿ ಹಾಕ್ಲ್ಯಾ?"

ವಿಡಿಯೋ ತೋರಿಸಪ್ಪ, ಆಮೇಲೆ ಹೇಳ್ತೀನಿ. ಆದರೆ ಯಾರೂ ತೋರಿಸುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಚಾ ಕುಡಿಯುವಾಗ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಯೂಟ್ಯೂಬಿಗೆ ಅಪ್‌ಲೋಡ್ ಅರ್ಧ ಆಗಿರುವಾಗ ರಾತ್ರಿ ಫೋನ್ ಮಾಡಿ ಕೇಳುತ್ತಾರೆ. ವಿಡಿಯೋದಲ್ಲಿ ಏನಿದೆ ಅಂದರೆ "ಸುಮ್ನೆ ಒಂದು ವ್ಲಾಗ್ ಅಣ್ಣಾ" ಅನ್ನುತ್ತಾರೆ. ಸುಮ್ನೆ ಒಂದು ವ್ಲಾಗಿಗೆ ಸುಮ್ನೆ ಒಂದು ಟೈಟಲ್ ಸಾಕು, ಹೋಗು.

ಒಬ್ಬ ಹುಡುಗ ಮಾತ್ರ ಲ್ಯಾಪ್‌ಟಾಪ್ ಹೊತ್ತು ಬಂದ. ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿ ಬಂದಿದ್ದ. ಅವನು ಬರೆದುಕೊಂಡಿದ್ದ ಟೈಟಲ್: "ಸನ್ನತಿ ವ್ಲಾಗ್ | ಕಲಬುರಗಿ ಟೂರಿಸಂ | ನಾರ್ತ್ ಕರ್ನಾಟಕ ಬೆಸ್ಟ್ ಪ್ಲೇಸ್ | ಕನ್ನಡ ವ್ಲಾಗ್ಸ್". ಬದಲಿಗೆ ಇನ್ನೊಂದು: "ಇದನ್ನು ನೋಡಿದ್ರೆ ಶಾಕ್ ಆಗ್ತೀರಾ!" ಮೊದಲನೆಯದು ಟೈಟಲ್ ಅಲ್ಲ, ಬಸ್ಸಿನ ಬೋರ್ಡು. ಎರಡನೆಯದನ್ನು ಬೆಕ್ಕಿನ ವಿಡಿಯೋಗೂ ಇಡಬಹುದು.

ಸನ್ನತಿ ಎಂದು ಟೈಪ್ ಮಾಡಿ ಹುಡುಕುವವರು ಯಾರು ಅಂತ ಕೇಳಿದೆ. ಅವನು ಯೋಚನೆಯೇ ಮಾಡಿರಲಿಲ್ಲ. ಹೆಚ್ಚಿನವರು ಅಲ್ಲಿನ ದೇವಿ ಚಂದ್ರಲಾಂಬೆಯ ಭಕ್ತರು. ಎಷ್ಟೋ ಮನೆಗಳಿಗೆ ಆಕೆ ಮನೆದೇವರು. ಅವರಿಗೆ ಬೇಕಾದದ್ದು ದಾರಿ, ದರ್ಶನದ ಹೊತ್ತು, ಇಳಿದುಕೊಳ್ಳಲು ಜಾಗ, ಊಟ. ಇವನ ವಿಡಿಯೋದಲ್ಲಿ ಇದ್ದದ್ದು ಅಶೋಕ ಚಕ್ರವರ್ತಿ. ಊರ ಹೆಸರು ನೋಡಿ ಒತ್ತಿದವರು ಅಶೋಕನ ಮಾತು ಶುರುವಾದ ಕೂಡಲೇ ಹೊರಟುಬಿಡುತ್ತಾರೆ. ಅಶೋಕನ ಕಥೆ ಕೇಳಲು ಕುಳಿತುಕೊಳ್ಳುವವರಿಗೆ ಸನ್ನತಿ ಎಂಬ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಅವರಿಗೆ ಈ ವಿಡಿಯೋ ಹೋಮ್ ಪೇಜಿನಲ್ಲೋ, ಬೇರೆ ವಿಡಿಯೋದ ಪಕ್ಕದಲ್ಲೋ ಕಂಡರೆ ಮಾತ್ರ ಉಂಟು.

ಅಂದರೆ ಹುಡುಕಿ ಬರುವವರಿಗೆ ಊರ ಹೆಸರು ಬೇಕು, ಹುಡುಕದೇ ಇರುವವರಿಗೆ ಕಥೆ ಬೇಕು. ಬೀದರ್‌ನ ನರಸಿಂಹ ಝರಣಿ ವಿಡಿಯೋ ಆದರೆ ನಾನು ಕಣ್ಣುಮುಚ್ಚಿ ಹೆಸರನ್ನೇ ಮುಂದೆ ಇಡುತ್ತೇನೆ: "ಬೀದರ್ ನರಸಿಂಹ ಝರಣಿ: ನೀರು ಎಷ್ಟಿದೆ, ಮಕ್ಕಳನ್ನು ಕರೆದೊಯ್ಯಬಹುದಾ?" ಗುಹೆಯ ನೀರಿನಲ್ಲಿ ನಡೆದು ದರ್ಶನ ಮಾಡುವ ಜಾಗ ಅದು. ಹೊರಡುವ ಮುಂಚೆ ಜನ ಇದನ್ನೇ ಹುಡುಕುತ್ತಾರೆ. ಬರೀ "ಬೀದರ್ ಕೋಟೆ" ಅಂತ ಇಟ್ಟರೆ ಮಾತ್ರ ಕಷ್ಟ, ಆ ಹೆಸರಲ್ಲಿ ಹಳೆಯ ದೊಡ್ಡ ಚಾನೆಲ್‌ಗಳು ಮೊದಲೇ ಸಾಲು ಹಿಡಿದು ಕೂತಿವೆ.

ಸನ್ನತಿಗೆ ಬರೋಣ. ಅಲ್ಲಿ ಕಥೆ ಕಟ್ಟುವುದೇ ಬೇಡ, ನಡೆದಿದೆ. 1986ರಲ್ಲಿ ಚಂದ್ರಲಾಂಬ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷ ತೆಗೆದಾಗ, ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಮೂರ್ತಿ ಕೂರಿಸಲು ಕಲ್ಲಿನ ನಡುವೆ ಕುಳಿ ಕೊರೆದಿದ್ದರು. ಆ ಕುಳಿಯಲ್ಲಿ ಶಾಸನದ ಒಂದಷ್ಟು ಅಕ್ಷರ ಹೋಗಿಬಿಟ್ಟಿವೆ. ಇಷ್ಟೆಲ್ಲಾ ಇಟ್ಟುಕೊಂಡು "ಬೆಸ್ಟ್ ಪ್ಲೇಸ್" ಅಂತ ಬರೆಯುವವನಿಗೆ ಏನು ಹೇಳೋದು?

ಕೊನೆಗೆ ಬರೆದದ್ದು: "ಗುಡಿಯ ಚಾವಣಿ ಬಿತ್ತು, ಕೆಳಗೆ ಅಶೋಕನ ಶಾಸನ ಸಿಕ್ಕಿತು | ಸನ್ನತಿ, ಕಲಬುರಗಿ". ಮೊಬೈಲಿನಲ್ಲಿ ಉದ್ದ ಟೈಟಲಿನ ಬಾಲ ಕತ್ತರಿಸಿ ಹೋಗುತ್ತದೆ, ಅದಕ್ಕೇ ಕಥೆ ಮುಂದೆ. ಕತ್ತರಿಸಿದರೂ ಊರ ಹೆಸರು ಟೈಟಲಿನಲ್ಲಿ ಇದ್ದೇ ಇರುತ್ತದೆ, ಹುಡುಕಾಟಕ್ಕೆ ಸಿಗುತ್ತದೆ. ನಮಗೊಂದು ತಾಪತ್ರಯ ಜಾಸ್ತಿ. ಯೂಟ್ಯೂಬ್ ಟೈಟಲಿಗೆ 100 ಅಕ್ಷರದ ಮಿತಿ ಇದೆ, ಆದರೆ ಕನ್ನಡದ ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಚಂದ್ರಲಾಂಬ" ಕಣ್ಣಿಗೆ ನಾಲ್ಕೇ ಅಕ್ಷರ, ಅದರ ಲೆಕ್ಕದಲ್ಲಿ 9. ಹೀಗಾಗಿ ಕನ್ನಡದಲ್ಲಿ ಹೆಸರುಗಳ ಸಂತೆ ನೆರೆಸಿದರೆ ಕಥೆಗೆ ಜಾಗವೇ ಉಳಿಯುವುದಿಲ್ಲ. 2014ರಲ್ಲಿ ಊರ ಹೆಸರು ಕಲಬುರಗಿ ಅಂತ ಬದಲಾದರೂ ಹೊರಗಿನವರು ಇನ್ನೂ Gulbarga ಅಂತಲೇ ಟೈಪ್ ಮಾಡುತ್ತಾರೆ. ಅದು ಡಿಸ್ಕ್ರಿಪ್ಷನ್ನಿನ ಮೊದಲ ಸಾಲಲ್ಲಿ ಇರಲಿ.

ಹುಡುಗನಿಗೆ ಇನ್ನೂ ಖಾರ ಬೇಕಿತ್ತು. "ಅಶೋಕನ ಅಸಲಿ ಮುಖ ಅಂತ ಹಾಕೂಣೇನ್ ಅಣ್ಣಾ?" ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪ ಇದೆ ನಿಜ. ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಆದರೆ ಅದನ್ನು ಕೆತ್ತಿದ್ದು ಅಶೋಕ ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ. ಕೆತ್ತಿದವನು ಅವನನ್ನು ನೋಡಿಲ್ಲ. "ಅಶೋಕನ ಹೆಸರು ಬರೆದ ಅಶೋಕನ ಶಿಲ್ಪ" ಅಂತ ಹಾಕಪ್ಪ, ಅದೇ ಸಾಕಷ್ಟು ದೊಡ್ಡ ಮಾತು. ಮುಖ ಸಪ್ಪೆ ಮಾಡಿಕೊಂಡ.

ಇಷ್ಟು ಕೇಳುವವರಲ್ಲಿ ಒಬ್ಬರಾದರೂ "ಟೈಟಲ್ ಯಾವಾಗ ಬರೀಬೇಕು ಅಣ್ಣಾ?" ಅಂತ ಕೇಳಬಾರದೇ? ಅದಕ್ಕೆ ನಾನೇ ಚಾ ಕುಡಿಸಿ ಉತ್ತರ ಹೇಳುತ್ತಿದ್ದೆ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬರೀಬೇಕು. ಇವನ ಹತ್ತಿರ ಭೀಮಾ ನದಿಯ ಡ್ರೋನ್ ಶಾಟ್ ಬೇಕಾದಷ್ಟು ಇತ್ತು. ಆ ಕಲ್ಲು ಕಂಡದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೂ ಇವನ ಸೆಲ್ಫಿಯ ಹಿಂದೆ. ಟೈಟಲ್ ಮೊದಲೇ ಕೈಯಲ್ಲಿದ್ದಿದ್ದರೆ ಆ ಕುಳಿಯನ್ನು, ಅದರ ಅಂಚಿನಲ್ಲಿ ತುಂಡಾದ ಅಕ್ಷರಗಳನ್ನು ಹತ್ತಿರದಿಂದ ತೆಗೆಯುತ್ತಿದ್ದ. ವಿಡಿಯೋ ಅಲ್ಲಿಂದಲೇ ಶುರುವಾಗುತ್ತಿತ್ತು, ಥಂಬ್‌ನೇಲ್ ಸಹ ಅದೇ ಆಗುತ್ತಿತ್ತು. ಇವನ ವಿಡಿಯೋ ಶುರುವಾಗುವುದು ಪೆಟ್ರೋಲ್ ಬಂಕಿನಲ್ಲಿ. ಚಾವಣಿ ಬಿತ್ತು ಅಂತ ಕರೆದು ಪೆಟ್ರೋಲ್ ಹಾಕಿಸುವುದನ್ನು ತೋರಿಸಿದರೆ ಯಾರು ಕೂರುತ್ತಾರೆ?

ತಪ್ಪು ಟೈಟಲಿನದೋ ವಿಡಿಯೋದ್ದೋ ಅನ್ನುವುದು ಯೂಟ್ಯೂಬ್ ಸ್ಟುಡಿಯೋದ ಅನಲಿಟಿಕ್ಸ್‌ನಲ್ಲಿ ಗೊತ್ತಾಗುತ್ತದೆ, ನನ್ನನ್ನು ಕೇಳಬೇಕಾಗಿಲ್ಲ. ಟೈಟಲ್ ಕಂಡವರಲ್ಲಿ ಒತ್ತಿದವರ ಪ್ರಮಾಣ ಚೆನ್ನಾಗಿದ್ದು, ಎಷ್ಟು ಜನ ನೋಡುತ್ತಾ ಉಳಿದರು ಅನ್ನುವ ಗೆರೆ ಮೊದಲ 30 ಸೆಕೆಂಡಿನಲ್ಲೇ ಧಡಕ್ಕನೆ ಬಿದ್ದಿದ್ದರೆ ಟೈಟಲ್ ಕೊಟ್ಟ ಮಾತನ್ನು ವಿಡಿಯೋ ಉಳಿಸಿಕೊಂಡಿಲ್ಲ. ಒತ್ತಿದವರು ಕಡಿಮೆ, ಆದರೆ ಬಂದವರು ಕೂತು ನೋಡಿದ್ದಾರೆ ಅಂದರೆ ಟೈಟಲ್ ಅಥವಾ ಥಂಬ್‌ನೇಲ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯಲ್ಲ. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳಿಗೆ ಈ ಕ್ಲಿಕ್ ಪ್ರಮಾಣ ಶೇ. 2ರಿಂದ 10ರ ಒಳಗೆ ಎಂದು ಯೂಟ್ಯೂಬೇ ಹೇಳುತ್ತದೆ. 4 ಬಂತು ಅಂತ ಅಳುತ್ತಾ ಫೋನ್ ಮಾಡಬೇಡಿ. ಹುಡುಕಿ ಬಂದವರದ್ದನ್ನೂ ಹೋಮ್ ಪೇಜಿನವರದ್ದನ್ನೂ ಬೇರೆ ಬೇರೆ ನೋಡಿ. ಹುಡುಕಿದವನಿಗೆ ಅದು ಬೇಕಾಗಿಯೇ ಇರುತ್ತದೆ, ಸಹಜವಾಗಿ ಜಾಸ್ತಿ ಒತ್ತುತ್ತಾನೆ. ಹೋಮ್ ಪೇಜಿನಲ್ಲಿ ಅಪರಿಚಿತರಿಗೆ ಹರಡಿದಾಗ ಪ್ರಮಾಣ ಇಳಿಯುವುದು ಸೋಲಲ್ಲ.

ಭಕ್ತರನ್ನೇನು ಮಾಡೋಣ ಅಂದ ಹುಡುಗ. ಅವನ ಹತ್ತಿರ ದಾರಿಯ ಶಾಟ್ ಇತ್ತು, ಗುಡಿಯ ಶಾಟ್ ಇತ್ತು, ಊಟದ್ದೂ ಇತ್ತು. ಅವನ್ನೆಲ್ಲ ಆ ವಿಡಿಯೋದಿಂದ ಕಿತ್ತು ಬೇರೆ ಚಿಕ್ಕದೊಂದು ಮಾಡಿಸಿದೆ: "ಸನ್ನತಿ ಚಂದ್ರಲಾಂಬ ದರ್ಶನ: ನಾಲವಾರ ಸ್ಟೇಷನ್‌ನಿಂದ ಹೋಗುವುದು ಹೇಗೆ?" ಅದರಲ್ಲಿ ಅಶೋಕನ ಸುದ್ದಿಯೇ ಇಲ್ಲ. ಪೆಟ್ರೋಲ್ ಬಂಕ್ ಎರಡರಲ್ಲೂ ಇಲ್ಲ.