ಬಾಣ ಸರಿ ಇತ್ತು, ಪ್ರಶ್ನೆ ತಿರುಗಿತ್ತು

ಬೆಳಿಗ್ಗೆ ಅಮ್ಮ ಒಳಗಿಂದ "ಮಳೆ ನಿಂತಿಲ್ವಾ?" ಅಂದ್ರು, ನಾನು "ಹೂಂ" ಅಂದೆ. ಛತ್ರಿ ತಗೊಂಡೇ ಹೊರಟ್ರು. ಮಡಿಕೇರಿಲಿ ಜುಲೈ ತಿಂಗಳಲ್ಲಿ ಇನ್ನೇನ್ ಕೇಳೋದಿದೆ ಬಿಡಿ.

ಆಮೇಲೆ ಲ್ಯಾಪ್‌ಟಾಪ್ ತೆಗೆದ್ರೆ ಅದೇ "ಹೂಂ" ಸಿಕ್ತು. ಗಂಟಲು ನೋವಿನ ಗೈಡ್‌ಲೈನ್ ಚಾರ್ಟ್, ಡಬ್ಬಿಲಿ ಪ್ರಶ್ನೆ, ಉತ್ತರಕ್ಕೆ ತಕ್ಕ ಹಾಗೆ ಬಾಣ, ಅದನ್ನ ಇಂಗ್ಲಿಷಿಂದ ಕೊರಿಯನ್‌ಗೆ ಅನುವಾದ ಮಾಡ್ತಿದೀನಿ. ಮೂಲದ ಡಬ್ಬಿಲಿ "ಪೆನ್ಸಿಲಿನ್ ಅಲರ್ಜಿ ಇಲ್ಲ?" ಅಂತಿದೆ, ಹೌದು ಅನ್ನೋ ಬಾಣ ಪೆನ್ಸಿಲಿನ್ ಜಾತಿದೇ ಆದ ಅಮಾಕ್ಸಿಸಿಲಿನ್‌ಗೆ, ಅಲ್ಲ ಅನ್ನೋದು ಬೇರೆ ಆಂಟಿಬಯಾಟಿಕ್‌ಗೆ. ನಾನು ನಿನ್ನೆ ರಾತ್ರಿ, ಕೊರಿಯನ್‌ನಲ್ಲಿ ಓದಕ್ಕೆ ಸಲೀಸಾಗಿರ್ಲಿ ಅಂತ "ಅಲರ್ಜಿ ಇದೆಯಾ?" ಅಂತ ಮಾಡಿ, ಬಾಣಗಳನ್ನ ಮುಟ್ಟದೇ ಬಿಟ್ಟಿದ್ದೆ. ಅಂದ್ರೆ ಅಲರ್ಜಿ ಇರೋರು ನೆಟ್ಟಗೆ ಅಮಾಕ್ಸಿಸಿಲಿನ್‌ಗೆ! ವಾಕ್ಯ ಮಾತ್ರ ಓದಿದ್ರೆ ತಪ್ಪೇ ಕಾಣಲ್ಲ, ಚೆನ್ನಾಗೇ ಇದೆ.

ಇಲ್ಲ ಅನ್ನೋ ಪ್ರಶ್ನೆನ ಹಾಗೇ ಇಡಬಹುದಿತ್ತು. ಕೊರಿಯನ್‌ನಲ್ಲೂ ನಮ್ಮ ತರಾನೇ, "ಇಲ್ವಾ?" ಅಂದ್ರೆ "ಹೂಂ" ಅಂದ್ರೆ ಇಲ್ಲ ಅಂತ. ಆದ್ರೆ ಡ್ಯೂಟಿಲಿ ಇಂಗ್ಲಿಷ್ ಚಾರ್ಟ್ ನೋಡಿ ಅಭ್ಯಾಸ ಇರೋರು ಒಂದ್ ಸೆಕೆಂಡ್ ತಡವರಿಸ್ತಾರೆ. ಅದಕ್ಕೆ ಡಬ್ಬಿಲಿ ಬರೀ "ಪೆನ್ಸಿಲಿನ್ ಅಲರ್ಜಿ" ಅಂತಿಟ್ಟು, ಬಾಣದ ಮೇಲೆ ಹೌದು-ಅಲ್ಲ ತೆಗೆದು "ಇಸ್ಸುಮ್", "ಅಪ್ಸುಮ್" ಅಂತ ಹಾಕ್ದೆ, ಇದೆ, ಇಲ್ಲ. ಅಮಾಕ್ಸಿಸಿಲಿನ್ ಬಾಣಕ್ಕೆ ಅಪ್ಸುಮ್.

ಆಮೇಲೆ ಅಲರ್ಜಿ ಇರೋ ಒಬ್ಬ ಸುಳ್ಳು ರೋಗಿನ ಮಾಡ್ಕೊಂಡು ಮೇಲಿಂದ ಬೆರಳಿಟ್ಟು ಕೆಳಗೆ ಬಂದೆ, ಎರಡೂ ಭಾಷೆಲಿ. ಎರಡರಲ್ಲೂ ಒಂದೇ ಡಬ್ಬಿಗೆ, ಬೇರೆ ಆಂಟಿಬಯಾಟಿಕ್‌ಗೆ ಬಂದ. ಅಲರ್ಜಿ ಇಲ್ದೇ ಇರೋನು ಎರಡರಲ್ಲೂ ಅಮಾಕ್ಸಿಸಿಲಿನ್‌ಗೆ ಬಂದ.

ಅಮ್ಮ ನೆನ್ಕೊಂಡು ವಾಪಸ್ ಬಂದಿದಾರೆ, ಛತ್ರಿ ಕಡ್ಡಿ ಮುರಿದಿದೆಯಂತೆ.